ಸಾಲ್ಗಿನಾ ಸೇತುವೆ ನಡುವೆ ತೆಳ್ಳಗೇಕೆ?

ಸ್ವಿಟ್ಜರ್ಲೆಂಡಿನ ಪೂರ್ವಕ್ಕೆ ಗ್ರಾಬ್ಯುಂಡೆನ್ ಪ್ರಾಂತ್ಯ. ಅಲ್ಲಿನ ಶಿಯರ್ಸ್ ಎಂಬ ಊರಿನಿಂದ ಬೆಟ್ಟ ಹತ್ತುವ ರಸ್ತೆಗೆ ಸಾಲ್ಗಿನಾ ತೊರೆ ಕೊರೆದ ಆಳವಾದ ಕಮರಿಯೊಂದು ಅಡ್ಡ ಬರುತ್ತದೆ. 1930ರಲ್ಲಿ ಈ ಕಮರಿಯ ಮೇಲೆ ಒಂದು ಕಾಂಕ್ರೀಟ್ ಕಮಾನು ಸೇತುವೆ ಎದ್ದಿತು. ಕಮಾನಿನ ಒಂದು ಬುಡದಿಂದ ಇನ್ನೊಂದು ಬುಡಕ್ಕೆ ಇರುವ ದೂರ, ಅಂದರೆ ಹರವು, ಸುಮಾರು 90 ಮೀಟರ್. ಬುಡದಿಂದ ನೆತ್ತಿಯವರೆಗಿನ ಏರು ಸುಮಾರು 13 ಮೀಟರ್. ಅದರ ವಿನ್ಯಾಸಕ ರಾಬರ್ಟ್ ಮೈಯಾರ್. 1991ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಈ ಸಾಲ್ಗಿನಾಟೋಬೆಲ್ ಸೇತುವೆಯನ್ನು ಅಂತರರಾಷ್ಟ್ರೀಯ ಐತಿಹಾಸಿಕ ನಿರ್ಮಾಣಗಳ ಪಟ್ಟಿಗೆ ಸೇರಿಸಿತು.

ಸೇತುವೆಯನ್ನು ಪಕ್ಕದಿಂದ ನೋಡಿದವರಿಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಬಂಡೆಗೆ ಆನಿಕೊಂಡಿರುವ ಬುಡದಲ್ಲಿ ಕಮಾನು ತೆಳ್ಳಗಿದೆ. ಮೇಲೇರುತ್ತಾ ದಪ್ಪವಾಗಿ, ಹರವಿನ ನಾಲ್ಕನೇ ಒಂದು ಭಾಗ ದಾಟುವ ಹೊತ್ತಿಗೆ ತುಂಬಿಕೊಳ್ಳುತ್ತದೆ. ಅಲ್ಲಿಂದ ಮತ್ತೆ ಇಳಿದು, ನಟ್ಟನಡುವಿನ ನೆತ್ತಿಯಲ್ಲಿ ಪುನಃ ತೆಳ್ಳಗಾಗುತ್ತದೆ. ತೊಲೆ ಮುರಿಯುವುದು ನಡುವಿನಲ್ಲಿ ಎಂದು ಎಲ್ಲರೂ ಬಲ್ಲರು. ಹಾಗಿರುವಾಗ ನಡುವನ್ನೇ ಸಣಕಲು ಮಾಡಿದ್ದು ಏಕೆ? ಉತ್ತರ ಇರುವುದು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೂರು ಕೀಲಿನ ಪ್ಯಾರಾಬೋಲಾ ಕಮಾನು ಎಂದು ಓದುವ ಪಾಠದಲ್ಲಿ. ಅದರ ಲೆಕ್ಕ ಗುಣಾಕಾರ, ಭಾಗಾಕಾರಗಳನ್ನು ಮೀರುವುದಿಲ್ಲ.

ಮೂರನೆಯ ಕೀಲಿನ ಉಪಕಾರ

ಎರಡು ಏಣಿಗಳನ್ನು ತಲೆಗೆ ತಲೆ ಆನಿಸಿ, ಬುಡಗಳನ್ನು ದೂರ ದೂರ ಇಟ್ಟು ನಿಲ್ಲಿಸಿದರೆ ಅವು ನೆಲವನ್ನು ಕೆಳಕ್ಕೆ ಒತ್ತುವುದಷ್ಟೇ ಅಲ್ಲ, ಹೊರಕ್ಕೂ ಜಾರಲು ನೋಡುತ್ತವೆ. ನಯವಾದ ನೆಲವಾದರೆ ಜಾರಿಯೇ ಬಿಡುತ್ತವೆ. ಕಮಾನಿನ ಗುಣವೂ ಇದೇ. ಮೇಲಿನ ಭಾರವೆಲ್ಲ ಕೆಳಮುಖವಾಗಿಯೇ ಇದ್ದರೂ ಬುಡದ ಆಧಾರ ಎರಡು ಬಗೆಯ ಬಲ ಕೊಡಬೇಕಾಗುತ್ತದೆ: ಭಾರವನ್ನು ಹೊರುವ ಮೇಲ್ಮುಖ ಬಲ ಒಂದು, ಬುಡ ಹೊರಕ್ಕೆ ಸರಿಯದಂತೆ ಒಳಕ್ಕೆ ಒತ್ತಿ ಹಿಡಿಯುವ ಅಡ್ಡ ಬಲ ಇನ್ನೊಂದು. ಈ ಎರಡನೆಯದನ್ನು ಎಂಜಿನಿಯರುಗಳು ಹಾರಿಜಾಂಟಲ್ ಥ್ರಸ್ಟ್ ಎನ್ನುತ್ತಾರೆ, H ಎಂದು ಬರೆಯುತ್ತಾರೆ.

ಎರಡು ಬುಡಗಳಲ್ಲಿ ಎರಡೆರಡು ಬಲಗಳೆಂದರೆ ಗೊತ್ತಿಲ್ಲದ ಸಂಖ್ಯೆಗಳು ನಾಲ್ಕು. ನಿಂತ ವಸ್ತು ನಿಂತೇ ಇರಬೇಕೆಂಬ ನಿಯಮದಿಂದ ಸಿಗುವ ಸಮೀಕರಣಗಳು ಮೂರೇ: ಮೇಲೆ ಕೆಳಗಿನ ಬಲಗಳು ಸಮವಾಗಬೇಕು, ಎಡ ಬಲದ ಬಲಗಳು ಸಮವಾಗಬೇಕು, ತಿರುಗಿಸುವ ಬಲಗಳೂ ಸಮವಾಗಬೇಕು. ನಾಲ್ಕನೆಯದು ಬೇಕಲ್ಲ? ಅದನ್ನು ನೆತ್ತಿಯ ಕೀಲು ಕೊಡುತ್ತದೆ. ಕೀಲು ಇರುವ ಜಾಗ ಒತ್ತಡವನ್ನು ದಾಟಿಸಬಲ್ಲದು, ಬಾಗಿಸುವ ಬಲವನ್ನು ದಾಟಿಸಲಾರದು. ಬಾಗಿಸಲು ಹೋದರೆ ಅದು ಸುಮ್ಮನೆ ತಿರುಗಿಕೊಳ್ಳುತ್ತದೆ. ಹಾಗಾಗಿ ನೆತ್ತಿಯಲ್ಲಿ ಬೆಂಡಿಂಗ್ ಮೊಮೆಂಟ್ ಸೊನ್ನೆ ಎಂದು ಧೈರ್ಯವಾಗಿ ಬರೆಯಬಹುದು. ಈ ಒಂದು ಸಾಲಿನಿಂದ H ಸಿಕ್ಕಿಬಿಡುತ್ತದೆ.

ಉದಾಹರಣೆಗೆ 40 ಮೀಟರ್ ಹರವಿನ, 8 ಮೀಟರ್ ಏರಿನ ಕಮಾನೊಂದನ್ನು ತೆಗೆದುಕೊಳ್ಳೋಣ. ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಪ್ರತಿ ಮೀಟರಿಗೆ 2 ಟನ್ ಭಾರ ಹರಡಿದೆ ಎನ್ನೋಣ. (ಪಠ್ಯಪುಸ್ತಕಗಳು ಕಿಲೋನ್ಯೂಟನ್ ಬಳಸುತ್ತವೆ, ಟನ್ನನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಅದೇ.) ಒಟ್ಟು ಭಾರ 80 ಟನ್. ಎರಡೂ ಬದಿ ಒಂದೇ ರೀತಿ ಇರುವುದರಿಂದ ಪ್ರತಿ ಬುಡಕ್ಕೆ 40 ಟನ್ ಮೇಲ್ಮುಖ ಬಲ.

ಈಗ ಕಮಾನನ್ನು ನೆತ್ತಿಯಲ್ಲಿ ಕತ್ತರಿಸಿ ಎಡ ಅರ್ಧವನ್ನಷ್ಟೇ ನೋಡಬೇಕು. ಬುಡದ 40 ಟನ್ ನೆತ್ತಿಯಿಂದ 20 ಮೀಟರ್ ದೂರದಲ್ಲಿದೆ. ಅದರ ತಿರುಗಿಸುವ ಪರಿಣಾಮ 800 ಟನ್‌-ಮೀಟರ್. ಅರ್ಧದ ಮೇಲಿರುವ 40 ಟನ್ ಭಾರದ ನಡು 10 ಮೀಟರ್ ದೂರದಲ್ಲಿದೆ. ಅದು ಎದುರು ದಿಕ್ಕಿಗೆ 400. ಉಳಿದ 400ನ್ನು H ಸರಿದೂಗಿಸಬೇಕು. H ಇರುವುದು ನೆತ್ತಿಯಿಂದ 8 ಮೀಟರ್ ಕೆಳಗೆ. 400ನ್ನು 8ರಿಂದ ಭಾಗಿಸಿದರೆ 50 ಟನ್. ಸೂತ್ರವಾಗಿ ಬರೆದರೆ ಹೀಗೆ:

H = w × l² ÷ (8 × h)

ಇಲ್ಲಿ w ಎಂದರೆ ಮೀಟರಿಗೆ ಇರುವ ಭಾರ, l ಹರವು, h ಏರು. ಏರು ಕೆಳಗಿನ ಸಾಲಿನಲ್ಲಿ ಕೂತಿರುವುದನ್ನು ಗಮನಿಸಬೇಕು. ಇದೇ ಕಮಾನನ್ನು 8ರ ಬದಲು 4 ಮೀಟರಿಗೆ ತಗ್ಗಿಸಿದರೆ ಅಡ್ಡ ಬಲ 50ರಿಂದ 100 ಟನ್ನಿಗೆ ಏರುತ್ತದೆ. ಕಮಾನು ಚಪ್ಪಟೆಯಾದಷ್ಟೂ ದಡದ ಮೇಲಿನ ಒತ್ತಡ ಜೋರು. ಸಾಲ್ಗಿನಾ ಸೇತುವೆಯ 90 ಮತ್ತು 13 ಮೀಟರುಗಳನ್ನು ಈ ಸೂತ್ರಕ್ಕೆ ಹಾಕಿದರೆ, ಸಮನಾಗಿ ಹರಡಿದ ಭಾರಕ್ಕೆ ಅಡ್ಡ ಬಲ ಒಟ್ಟು ಭಾರದ ಶೇ 87ರಷ್ಟು ಬರುತ್ತದೆ. ಅಂದರೆ ಅಲ್ಲಿ ಪ್ರತಿ ಬುಡವೂ ಬಂಡೆಯನ್ನು ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಒತ್ತುತ್ತದೆ. ಎರಡೂ ಕಡೆ ಗಟ್ಟಿ ಬಂಡೆ ಇರುವ ಕಮರಿಗೆ ಇಂಥ ಕಮಾನು ಒಗ್ಗುವುದು ಈ ಕಾರಣಕ್ಕೆ.

ಬಾಗದೆ ಹೊರುವ ಆಕಾರ

ಈಗ ಕಮಾನಿನ ಯಾವುದಾದರೂ ಒಂದು ಜಾಗ ಆರಿಸಿಕೊಂಡು ಅಲ್ಲಿ ಎಷ್ಟು ಬಾಗುವಿಕೆ ಇದೆ ಎಂದು ಕೇಳಬಹುದು. ಎಡ ಬುಡದಿಂದ 10 ಮೀಟರ್ ದೂರದ, ಅಂದರೆ ಹರವಿನ ನಾಲ್ಕನೇ ಒಂದರಷ್ಟು ದೂರದ ಜಾಗ ಇರಲಿ. ಮೊದಲು ಅಲ್ಲಿ ಕಮಾನು ಎಷ್ಟು ಎತ್ತರದಲ್ಲಿದೆ ಎಂದು ತಿಳಿಯಬೇಕು. ಪ್ಯಾರಾಬೋಲಾದ ಸೂತ್ರ ಇದು:

y = 4 × h × x × (l − x) ÷ l²

ಇಲ್ಲಿ x ಎಂದರೆ ಬುಡದಿಂದ ಅಡ್ಡಲಾಗಿ ಅಳೆದ ದೂರ, y ಎಂದರೆ ಬುಡದ ಮಟ್ಟದಿಂದ ಎತ್ತರ. x 10 ಆದರೆ y ಸರಿಯಾಗಿ 6 ಮೀಟರ್.

ಕಮಾನಿನ ಬದಲು ಅಲ್ಲಿ ನೇರವಾದ ತೊಲೆ ಇದ್ದಿದ್ದರೆ ಬೆಂಡಿಂಗ್ ಮೊಮೆಂಟ್ ಎಷ್ಟಿರುತ್ತಿತ್ತು? ಬುಡದ 40 ಟನ್ ಗುಣಿಸು 10 ಮೀಟರ್, ಅದರಿಂದ ನಡುವೆ ಇರುವ 20 ಟನ್ ಭಾರ ಗುಣಿಸು 5 ಮೀಟರ್ ಕಳೆದರೆ 300 ಟನ್‌-ಮೀಟರ್. ಕಮಾನಿನಲ್ಲಿ ಇದಕ್ಕೆ ಎದುರಾಗಿ ಅಡ್ಡ ಬಲ ಕೆಲಸ ಮಾಡುತ್ತದೆ: 50 ಟನ್ ಗುಣಿಸು 6 ಮೀಟರ್, ಅದೂ 300. ಉಳಿದದ್ದು ಸೊನ್ನೆ. ಬೇರೆ ಯಾವ ಜಾಗ ಆರಿಸಿದರೂ ಫಲ ಇದೇ. ಭಾರ ಸಮನಾಗಿ ಹರಡಿದ್ದಾಗ ಪ್ಯಾರಾಬೋಲಾ ಕಮಾನು ಎಲ್ಲೂ ಬಾಗುವುದಿಲ್ಲ, ಇಡೀ ಮೈಯಲ್ಲಿ ಬರೀ ಒತ್ತಡವನ್ನಷ್ಟೇ ಹೊರುತ್ತದೆ. ಒತ್ತಡವನ್ನು ಚೆನ್ನಾಗಿ ತಡೆದು, ಎಳೆತಕ್ಕೆ ಬೇಗ ಬಿರಿಯುವ ಕಲ್ಲು, ಕಾಂಕ್ರೀಟುಗಳಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಇದರ ಹಿಂದಿನ ತತ್ವವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲೇ ಹೇಳಿದ್ದ. ಇಳಿಬಿದ್ದ ಸರಪಳಿಯ ಆಕಾರವನ್ನು ತಲೆಕೆಳಗು ಮಾಡಿದರೆ ಅದು ನಿಲ್ಲುವ ಕಮಾನಾಗುತ್ತದೆ ಎಂಬುದು ಅವನ ಮಾತು. ಯಾರೂ ಕದಿಯದಿರಲೆಂದು ಅದನ್ನು ಅಕ್ಷರಗಳನ್ನು ಅದಲುಬದಲು ಮಾಡಿ ಒಗಟಿನ ರೂಪದಲ್ಲಿ ಅಚ್ಚು ಹಾಕಿಸಿದ. ಸರಪಳಿ ತನ್ನ ಭಾರಕ್ಕೆ ಪಡೆಯುವ ಆಕಾರ ಪ್ಯಾರಾಬೋಲಾಕ್ಕೆ ಹತ್ತಿರ, ಆದರೆ ಅದೇ ಅಲ್ಲ. ಅಡ್ಡಲಾಗಿ ಅಳೆದಾಗ ಭಾರ ಸಮನಾಗಿದ್ದರೆ, ತೂಗುಸೇತುವೆಯ ಹಗ್ಗದಲ್ಲಿರುವಂತೆ, ಪ್ಯಾರಾಬೋಲಾ ಬರುತ್ತದೆ.

ಅರ್ಧ ಸೇತುವೆಯ ಮೇಲೆ ಲಾರಿಗಳು

ರಸ್ತೆಯ ಭಾರ ಸದಾ ಸಮನಾಗಿ ಹರಡಿರುವುದಿಲ್ಲ ಎಂಬುದೇ ತೊಡಕು. ಲಾರಿಗಳ ಸಾಲೊಂದು ಎಡಗಡೆಯಿಂದ ಬಂದು ನೆತ್ತಿಯವರೆಗೆ ನಿಂತಿದೆ, ಬಲ ಅರ್ಧ ಖಾಲಿ ಎನ್ನೋಣ. ಭಾರ ಮೀಟರಿಗೆ 2 ಟನ್ನೇ, ಆದರೆ ಎಡದ 20 ಮೀಟರಿಗೆ ಮಾತ್ರ. ಒಟ್ಟು 40 ಟನ್, ಅದರ ನಡು ಎಡ ಬುಡದಿಂದ 10 ಮೀಟರ್ ದೂರದಲ್ಲಿ. ಬಲ ಬುಡಕ್ಕೆ ಅದರ ಕಾಲುಭಾಗ, ಅಂದರೆ 10 ಟನ್. ಎಡ ಬುಡಕ್ಕೆ ಉಳಿದ 30 ಟನ್.

H ಕಂಡುಹಿಡಿಯಲು ಈ ಸಲ ಬಲ ಅರ್ಧವನ್ನು ನೋಡುವುದು ಜಾಣತನ, ಯಾಕೆಂದರೆ ಅದರ ಮೇಲೆ ಭಾರವೇ ಇಲ್ಲ. 10 ಟನ್ ಗುಣಿಸು 20 ಮೀಟರ್ 200. ಅದನ್ನು 8ರಿಂದ ಭಾಗಿಸಿದರೆ 25 ಟನ್. ಎಡ ಅರ್ಧದಿಂದ ತಾಳೆ ನೋಡಿದರೂ ಅದೇ: 600ರಿಂದ 400 ಕಳೆದರೆ 200, ಭಾಗಿಸು 8.

ಈಗ ಮೊದಲಿನ ಅದೇ ಜಾಗಕ್ಕೆ, ಎಡ ಬುಡದಿಂದ 10 ಮೀಟರಿಗೆ, ಮರಳೋಣ. ತೊಲೆಯ ಲೆಕ್ಕದಲ್ಲಿ 30 ಗುಣಿಸು 10ರಿಂದ 20 ಗುಣಿಸು 5 ಕಳೆದರೆ 200. ಅಡ್ಡ ಬಲ ಕಳೆಯುವುದು 25 ಗುಣಿಸು 6, ಅಂದರೆ 150. ಉಳಿದದ್ದು 50 ಟನ್‌-ಮೀಟರ್. ಕಮಾನು ಅಲ್ಲಿ ಕೆಳಕ್ಕೆ ಕುಗ್ಗಿ, ಒಳಮೈ ಬಿರಿಯಲು ನೋಡುತ್ತದೆ. ಬಲಗಡೆ ಅಷ್ಟೇ ದೂರದ ಜಾಗದಲ್ಲಿ 10 ಗುಣಿಸು 10ರಿಂದ 150 ಕಳೆದರೆ ಸೊನ್ನೆಗಿಂತ 50 ಕಡಿಮೆ. ಅಲ್ಲಿ ಕಮಾನು ಮೇಲಕ್ಕೆ ಉಬ್ಬಿ, ಹೊರಮೈ ಬಿರಿಯಲು ನೋಡುತ್ತದೆ. ಭಾರವೇ ಇಲ್ಲದ ಅರ್ಧದಲ್ಲೂ ಭಾರವಿರುವ ಅರ್ಧದಷ್ಟೇ ಬಾಗುವಿಕೆ! ಒಂದು ಪಕ್ಕ ಅದುಮಿದ್ದಕ್ಕೆ ಇನ್ನೊಂದು ಪಕ್ಕ ಎದ್ದಿತು. ಸೇತುವೆ ಪೂರ್ತಿ ತುಂಬಿದಾಗ ಸೊನ್ನೆಯಾಗಿದ್ದ ಬಾಗುವಿಕೆ, ಅರ್ಧ ಭಾರ ಇಳಿಸಿದಾಗ ಹುಟ್ಟಿಕೊಂಡಿತು.

ಸಾಲ್ಗಿನಾ ಸೇತುವೆಯ ಆಕಾರ ಈಗ ಅರ್ಥವಾಗುತ್ತದೆ. ಎರಡು ಬುಡ, ಒಂದು ನೆತ್ತಿ, ಈ ಮೂರು ಕಡೆ ಕೀಲುಗಳಿರುವುದರಿಂದ ಯಾವ ಭಾರಕ್ಕೂ ಅಲ್ಲಿ ಬಾಗುವಿಕೆ ಇಲ್ಲ. ಅಲ್ಲಿ ಒತ್ತಡ ಹೊರುವಷ್ಟು ಕಾಂಕ್ರೀಟ್ ಇದ್ದರೆ ಸಾಕು. ಬಾಗುವಿಕೆ ಹೆಚ್ಚುವುದು ಕೀಲು ಕೀಲುಗಳ ನಡುವೆ, ಹರವಿನ ನಾಲ್ಕನೇ ಒಂದು ದೂರದ ಆಸುಪಾಸಿನಲ್ಲಿ. ಅಲ್ಲಿ ದಪ್ಪ ಬೇಕು. ಮೈಯಾರ್ ಕಾಂಕ್ರೀಟನ್ನು ಲೆಕ್ಕ ತೋರಿಸಿದ ಕಡೆ ಇಟ್ಟ, ತೋರಿಸದ ಕಡೆ ಬಿಟ್ಟ.

ಅದು ಅವನಿಗೆ ಒಂದೇ ಏಟಿಗೆ ಹೊಳೆದದ್ದಲ್ಲ. ಜ್ಯೂರಿಕ್‌ನಲ್ಲಿ ಅವನ ಗುರುವಾಗಿದ್ದ ವಿಲ್ಹೆಲ್ಮ್ ರಿಟ್ಟರ್, ಬಲಗಳನ್ನು ಗೆರೆಗಳಾಗಿ ಬರೆದು ಅಳೆಯುವ ರೇಖಾಕ್ರಮದ ಲೆಕ್ಕದಲ್ಲಿ ಪಳಗಿದವನು. 1901ರಲ್ಲಿ ಮೈಯಾರ್ ಜ್ವೋಜ್ ಎಂಬಲ್ಲಿ 38 ಮೀಟರ್ ಹರವಿನ ಮೂರು ಕೀಲಿನ ಕಾಂಕ್ರೀಟ್ ಸೇತುವೆ ಕಟ್ಟಿದಾಗ ಪಕ್ಕದ ಗೋಡೆಗಳನ್ನು ದಡದವರೆಗೂ ತುಂಬಿಸಿದ್ದ. ಎರಡು ವರ್ಷದೊಳಗೆ ದಡದ ಬಳಿಯ ಗೋಡೆಗಳಲ್ಲಿ ಬಿರುಕು ಬಂತು. ಬಿರುಕು ಬಿಟ್ಟರೂ ಸೇತುವೆಗೆ ಏನೂ ಆಗಲಿಲ್ಲ. ಹಾಗಾದರೆ ಆ ಗೋಡೆ ಅಲ್ಲಿ ಭಾರ ಹೊರುತ್ತಲೇ ಇರಲಿಲ್ಲ. 1905ರಲ್ಲಿ ತವನಾಸಾದಲ್ಲಿ 51 ಮೀಟರ್ ಹರವಿನ ಸೇತುವೆ ಕಟ್ಟುವಾಗ ಅವನು ಬುಡದ ಬಳಿಯ ಆ ತ್ರಿಕೋನದ ಗೋಡೆಯನ್ನೇ ತೆಗೆದುಹಾಕಿದ. ತವನಾಸಾ ಸೇತುವೆ 1927ರಲ್ಲಿ ಭೂಕುಸಿತಕ್ಕೆ ಸಿಕ್ಕಿ ನಾಶವಾಯಿತು. ಅದರ ಆಕಾರವನ್ನೇ ಇನ್ನಷ್ಟು ತಿದ್ದಿ ಅವನು ಸಾಲ್ಗಿನಾಕ್ಕೆ ಬಳಸಿದ. ಅಲ್ಲಿ ರಿಚರ್ಡ್ ಕೊರೈ ಎಂಬ ನಿಪುಣ ಕಟ್ಟಿದ ಮರದ ಅಟ್ಟಳಿಗೆಯ ಮೇಲೆ ಮೊದಲು ತೆಳುವಾದ ಕಮಾನನ್ನಷ್ಟೇ ಎರಕ ಹೊಯ್ದರು. ಅದು ಗಟ್ಟಿಯಾದ ಮೇಲೆ ಗೋಡೆಗಳ ಭಾರಕ್ಕೆ ಅದೂ ಹೆಗಲು ಕೊಟ್ಟಿತು. ಹಾಗಾಗಿ ಅಟ್ಟಳಿಗೆಗೆ ಕಡಿಮೆ ಮರ ಸಾಕಾಯಿತು.

ಎಷ್ಟು ದಪ್ಪ ಇರಬೇಕು?

50 ಟನ್‌-ಮೀಟರ್ ಎಂಬ ಸಂಖ್ಯೆ ಒಂದೇ ದಪ್ಪವನ್ನು ಹೇಳಲಾರದು. ಅದರ ಜೊತೆಗೆ ಎಷ್ಟು ಒತ್ತಡ ಇದೆ ಎಂದೂ ನೋಡಬೇಕು. ನಮ್ಮ ಕಮಾನಿನಲ್ಲಿ ಲಾರಿಗಳ ಭಾರ ಮಾತ್ರ ಇದ್ದರೆ, ಆರಿಸಿಕೊಂಡ ಜಾಗದಲ್ಲಿ ಕಮಾನಿನ ಉದ್ದಕ್ಕೂ ಹರಿಯುವ ಒತ್ತಡ ಸುಮಾರು 27 ಟನ್. 50ನ್ನು 27ರಿಂದ ಭಾಗಿಸಿದರೆ ಸುಮಾರು 1.85 ಮೀಟರ್. ಒತ್ತಡದ ಗೆರೆ ಕಮಾನಿನ ನಡುಗೆರೆಯಿಂದ ಅಷ್ಟು ದೂರ ಸರಿದಿದೆ ಎಂದರ್ಥ. ಕಮಾನು ಒಂದೆರಡು ಮೀಟರ್ ದಪ್ಪವಿದ್ದರೆ ಆ ಗೆರೆ ಅದರ ಮೈಯಿಂದಲೇ ಆಚೆ ಹೋಗಿಬಿಡುತ್ತದೆ.

ಆದರೆ ಸೇತುವೆಗೆ ತನ್ನದೇ ಭಾರವೂ ಇದೆ. ಅದು ಮೀಟರಿಗೆ 6 ಟನ್ ಇದ್ದು ಸಮನಾಗಿ ಹರಡಿದೆ ಎನ್ನೋಣ. ಅದು ಬಾಗುವಿಕೆಯನ್ನು ಕೂಡಿಸುವುದಿಲ್ಲ, ಒತ್ತಡವನ್ನಷ್ಟೇ ಕೂಡಿಸುತ್ತದೆ. ಆ ಜಾಗದ ಒತ್ತಡ 27ರಿಂದ ಸುಮಾರು 188 ಟನ್ನಿಗೆ ಏರುತ್ತದೆ, ಬಾಗುವಿಕೆ 50ರಲ್ಲೇ ನಿಲ್ಲುತ್ತದೆ. ಈಗ ಗೆರೆ ಸರಿದಿರುವುದು ಬರೀ 27 ಸೆಂಟಿಮೀಟರ್. ಆಯತಾಕಾರದ ಛೇದದಲ್ಲಿ ಒತ್ತಡದ ಗೆರೆ ನಡುವಿನ ಮೂರನೇ ಒಂದು ಭಾಗದೊಳಗೆ ಇದ್ದರೆ ಎಲ್ಲೂ ಎಳೆತ ಹುಟ್ಟುವುದಿಲ್ಲ ಎಂಬುದು ಹಳೆಯ ನಿಯಮ. 27ನ್ನು ಆರರಿಂದ ಗುಣಿಸಿದರೆ ಸುಮಾರು 1.6 ಮೀಟರ್ ದಪ್ಪ ಸಾಕೆಂದು ಬರುತ್ತದೆ. ಅದಕ್ಕಿಂತ ತೆಳುವಾದರೆ ಒಂದು ಮೈಯಲ್ಲಿ ಎಳೆತ ಬರುತ್ತದೆ, ಅದಕ್ಕೆ ಕಬ್ಬಿಣದ ಸರಳು ಬೇಕಾಗುತ್ತದೆ. ಹಳೆಯ ಭಾರೀ ಕಲ್ಲಿನ ಕಮಾನುಗಳು ಗಾಡಿಗಳ ಓಡಾಟಕ್ಕೆ ಜಗ್ಗದೆ ನಿಂತಿರುವುದರಲ್ಲಿ ಅವುಗಳ ಸ್ವಂತ ಭಾರದ ಪಾಲು ದೊಡ್ಡದು.

ಇಲ್ಲೊಂದು ಸೂಕ್ಷ್ಮವಿದೆ. ಅರ್ಧ ಸೇತುವೆ ತುಂಬಿದಾಗಲೇ ಅತಿ ಕೆಟ್ಟ ಸ್ಥಿತಿ ಎಂದು ಹಲವರು ಅಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಒಂದು ಟನ್ನಿನ ಒಂದೇ ಒಂದು ಚಕ್ರವನ್ನು ಸೇತುವೆಯ ಮೇಲೆ ಉರುಳಿಸುತ್ತಾ, ಆರಿಸಿಕೊಂಡ ಜಾಗದಲ್ಲಿ ಏನಾಗುತ್ತದೆ ಎಂದು ಗುರುತು ಹಾಕಿಕೊಂಡರೆ ಬೇರೆಯೇ ಕಾಣುತ್ತದೆ. ಚಕ್ರ ಎಡ ಬುಡದಿಂದ 10 ಮೀಟರಿಗೆ ಬಂದಾಗ ಅಲ್ಲಿನ ಮೊಮೆಂಟ್ ಅತಿ ಹೆಚ್ಚು, 3.75. ಮುಂದೆ ಹೋದಂತೆ ಕಡಿಮೆಯಾಗುತ್ತಾ, 16 ಮೀಟರಿನಲ್ಲಿ ಸೊನ್ನೆಯಾಗಿ, ನೆತ್ತಿ ಮುಟ್ಟುವ ಹೊತ್ತಿಗೆ ಎದುರು ದಿಕ್ಕಿಗೆ 2.5 ಆಗಿರುತ್ತದೆ. ಅಂದರೆ 16ರಿಂದ 20 ಮೀಟರಿನ ನಡುವೆ ನಿಂತ ಲಾರಿಗಳು ಆ ಜಾಗಕ್ಕೆ ಉಪಕಾರವನ್ನೇ ಮಾಡುತ್ತಿದ್ದವು. ಅವುಗಳನ್ನು ಕೈಬಿಟ್ಟು ಮೊದಲ 16 ಮೀಟರ್ ಮಾತ್ರ ತುಂಬಿಸಿದರೆ ಮೊಮೆಂಟ್ 50 ಅಲ್ಲ, 60 ಟನ್‌-ಮೀಟರ್. ಉಳಿದ 24 ಮೀಟರ್ ಮಾತ್ರ ತುಂಬಿಸಿದರೆ ಎದುರು ದಿಕ್ಕಿಗೆ ಅಷ್ಟೇ 60. ಎರಡನ್ನೂ ಕೂಡಿಸಿದರೆ ಸೊನ್ನೆ, ಪೂರ್ತಿ ತುಂಬಿದ ಸೇತುವೆಯ ಉತ್ತರವೇ ಅದು.

ತಪ್ಪುವುದೆಲ್ಲಿ, ತಿಳಿಯುವುದು ಹೇಗೆ

ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ. ಕಮಾನಿನ ಎತ್ತರ y ಅನ್ನು ಬುಡದ ಮಟ್ಟದಿಂದ ಅಳೆಯುವ ಬದಲು ನೆತ್ತಿಯಿಂದ ಕೆಳಕ್ಕೆ ಅಳೆಯುವುದು ಒಂದು. ಪೂರ್ತಿ ಭಾರದ H ಸೂತ್ರವನ್ನು ಅರ್ಧ ಭಾರಕ್ಕೂ ಹಾಗೆಯೇ ಹಚ್ಚಿಬಿಡುವುದು ಇನ್ನೊಂದು. ಎರಡನ್ನೂ ಹಿಡಿಯಲು ಒಂದೇ ಪರೀಕ್ಷೆ ಸಾಕು: ಲೆಕ್ಕ ಮುಗಿದ ಮೇಲೆ ಅದೇ ಕ್ರಮದಲ್ಲಿ ನೆತ್ತಿಯ ಮೊಮೆಂಟ್ ತೆಗೆಯಬೇಕು. ಸೊನ್ನೆ ಬರದಿದ್ದರೆ ಎಲ್ಲೋ ಎಡವಿದೆ. ಅರ್ಧ ಭಾರಕ್ಕೆ H 25ರ ಬದಲು 50 ಎಂದು ಹಾಕಿಕೊಂಡವರಿಗೆ ನೆತ್ತಿಯಲ್ಲಿ ಸೊನ್ನೆಗಿಂತ 200 ಕಡಿಮೆ ಬರುತ್ತದೆ, ತಪ್ಪು ತಾನಾಗಿ ಬಯಲಾಗುತ್ತದೆ.

ನಿಜವಾದ ಸೇತುವೆಯಲ್ಲಿ ಕೆಡುವುದು ಬೇರೆ. ಬುಡದ ನೆಲ ಅಡ್ಡ ಬಲಕ್ಕೆ ಸೋತು ಸರಿಯಬಹುದು. ನಮ್ಮ ಕಮಾನಿನ ಎರಡು ಬುಡಗಳೂ ಒಂದೊಂದು ಸೆಂಟಿಮೀಟರ್ ಹೊರಕ್ಕೆ ಸರಿದರೆ ನೆತ್ತಿ ಎರಡೂವರೆ ಸೆಂಟಿಮೀಟರ್ ಇಳಿಯುತ್ತದೆ. ಇಲ್ಲಿಯೇ ಮೂರು ಕೀಲುಗಳು ಕೈಹಿಡಿಯುವುದು. ಕೀಲುಗಳು ತಿರುಗಿ ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತವೆ, ಕಮಾನಿನ ಮೈಯಲ್ಲಿ ಹೊಸ ಬಾಗುವಿಕೆ ಹೇಳಿಕೊಳ್ಳುವಷ್ಟು ಹುಟ್ಟುವುದಿಲ್ಲ. ಬಿಸಿಲಿಗೂ ಹೀಗೆಯೇ. ಕಾಂಕ್ರೀಟ್ 30 ಡಿಗ್ರಿ ಬಿಸಿಯಾದರೆ ನೆತ್ತಿ ಸುಮಾರು 17 ಮಿಲಿಮೀಟರ್ ಮೇಲೇಳುತ್ತದೆ. ಏರು ಅಷ್ಟು ಹೆಚ್ಚಿದ್ದರಿಂದ H ಸಾವಿರಕ್ಕೆ ಎರಡರಷ್ಟು ತಗ್ಗುತ್ತದೆ, ಅಷ್ಟೇ. ಕೀಲಿಲ್ಲದ ಕಮಾನು ಇದೇ ಬಿಸಿಗೆ ತನ್ನೊಳಗೇ ಬಾಗುವಿಕೆ ತುಂಬಿಕೊಳ್ಳುತ್ತದೆ.

ಈ ಸೌಕರ್ಯಕ್ಕೆ ಬೆಲೆಯೂ ಇದೆ. ನೆತ್ತಿ ಏರಿಳಿಯುವಾಗ ಅಲ್ಲಿ ರಸ್ತೆಗೆ ಸಣ್ಣದೊಂದು ಮುರಿವು ಬೀಳುತ್ತದೆ, ಅದರ ಮೇಲೆ ಬಿಡುವು ಬಿಟ್ಟ ಜೋಡಣೆ ಬೇಕು, ಆ ಜೋಡಣೆಯಲ್ಲಿ ನೀರು ಇಳಿಯುತ್ತದೆ. ಕೀಲಿನ ಬಳಿ ಸರಳು ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ವರ್ಷವರ್ಷದ ಕೆಲಸ. ಕಂಪ್ಯೂಟರ್ ಬಂದ ಮೇಲೆ ಕೀಲಿಲ್ಲದ ಕಮಾನಿನ ಕಷ್ಟದ ಲೆಕ್ಕವೂ ಸುಲಭವಾಗಿ, ದೊಡ್ಡ ಕಾಂಕ್ರೀಟ್ ಸೇತುವೆಗಳಲ್ಲಿ ನೆತ್ತಿಯ ಕೀಲು ಅಪರೂಪವಾಯಿತು. ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಕಮಾನುಗಳ ಕ್ರೀಡಾಂಗಣ, ಸಭಾಂಗಣಗಳ ಚಾವಣಿಯಲ್ಲಿ ಅದು ಈಗಲೂ ಬಳಕೆಯಲ್ಲಿದೆ. ಎರಡು ಅರ್ಧಗಳನ್ನು ಬೇರೆ ಬೇರೆಯಾಗಿ ಲಾರಿಯಲ್ಲಿ ತಂದು, ನೆತ್ತಿಯಲ್ಲಿ ಪಿನ್ ಹಾಕಿ ಕೂಡಿಸಬಹುದು. ಅಲ್ಲಿ ಬಂಡೆಯ ದಡ ಇರುವುದಿಲ್ಲವಾದ್ದರಿಂದ ಎರಡು ಬುಡಗಳನ್ನು ನೆಲದಡಿಯಲ್ಲಿ ಉಕ್ಕಿನ ಸರಳಿನಿಂದ ಬಿಗಿಯುತ್ತಾರೆ. ಆ ಸರಳಿನಲ್ಲಿ ಎಷ್ಟು ಎಳೆತ ಬರುತ್ತದೆ ಎಂಬುದಕ್ಕೆ ಉತ್ತರ ಮೇಲೆ ತೆಗೆದ H.